ಬುಗುಟು ಹಣೆಯ ಮೇಲೋ, ಕಿವಿಯ ಮೇಲೋ?

ಬಿದ್ದ ಮಗುವನ್ನು ಎತ್ತಿಕೊಂಡು ಓಡಿಬಂದವರು ಮೊದಲು ತೋರಿಸುವುದು ಹಣೆಯ ಮೇಲಿನ ಬುಗುಟನ್ನು. ಅದು ಎಷ್ಟು ದೊಡ್ಡದೋ ಅವರ ಗಾಬರಿಯೂ ಅಷ್ಟೇ ದೊಡ್ಡದು. ನಾನು ಅದನ್ನು ಒಮ್ಮೆ ನೋಡಿ ಅಲ್ಲಿಗೇ ಬಿಟ್ಟು, ಮಗುವಿನ ಕಿವಿಗಳ ಮೇಲೆ, ತಲೆಯ ಹಿಂದೆ, ನೆತ್ತಿಯ ಅಕ್ಕಪಕ್ಕ ಬೆರಳಾಡಿಸತೊಡಗಿದರೆ ಜೊತೆಗೆ ಬಂದ ಅಜ್ಜಿಗೆ ಸಿಟ್ಟು ಬರುತ್ತದೆ. "ಪೆಟ್ಟು ಇಲ್ಲಿ ಬಿದ್ದಿದೆ ಡಾಕ್ಟರೇ, ನೀವು ಅಲ್ಲೇನು ಹುಡುಕುತ್ತೀರಿ?" ಎಂದು ಒಬ್ಬರು ಕೇಳಿಯೇ ಬಿಟ್ಟಿದ್ದರು. ಹುಬ್ಬಳ್ಳಿಯಲ್ಲಿ ಮಕ್ಕಳನ್ನು ನೋಡುತ್ತ ಬಂದಿರುವ ನಾನು ಅವರಿಗೆ ಆಗ ಕೊಟ್ಟದ್ದು ಅವಸರದ ಉತ್ತರ. ಸಾವಕಾಶವಾಗಿ ಹೇಳಬೇಕಾದ ಉತ್ತರ ಇಲ್ಲಿದೆ.

ಎರಡು ವರ್ಷದೊಳಗಿನ ಮಕ್ಕಳ ಬಗ್ಗೆಯೇ ಹೆಚ್ಚಾಗಿ ಹೇಳುತ್ತೇನೆ. ಮಾತು ಬಂದ ಮಗು ತಲೆ ನೋಯುತ್ತದೆ ಎನ್ನುತ್ತದೆ, ತೂರಾಡುತ್ತ ನಡೆದು ತೋರಿಸುತ್ತದೆ. ಹದಿನಾಲ್ಕು ತಿಂಗಳ ಕೂಸಿಗೆ ಇರುವುದು ಅಳು, ನಿದ್ದೆ, ಹಾಲು ಈ ಮೂರೇ ಭಾಷೆ. ಅದನ್ನು ಓದಲು ಬರುವುದು ಮನೆಯವರಿಗೆ, ನಮಗಲ್ಲ.

ನಾನು ನೋಡಿದ ಹಲವು ಮಕ್ಕಳನ್ನು ಸೇರಿಸಿ ಒಂದು ಮಗುವನ್ನು ಮಾಡಿಕೊಂಡು ಹೇಳುತ್ತೇನೆ. ಗದಗ ಜಿಲ್ಲೆಯ ಒಂದು ಹಳ್ಳಿ. ಗದಗಕ್ಕೆ ಮೂವತ್ತು ಕಿಲೋಮೀಟರಿಗಿಂತ ಹೆಚ್ಚು. ಗದಗದಿಂದ ಹುಬ್ಬಳ್ಳಿಗೆ ಮತ್ತೆ ಅರವತ್ತರ ಹತ್ತಿರ. ಮನೆಯ ಮುಂದೆ ಮೂರೂವರೆ ಅಡಿ ಎತ್ತರದ ಕಟ್ಟೆ, ಕೆಳಗೆ ಪರಸಿ ಕಲ್ಲು ಹಾಸಿದ ಅಂಗಳ. ಹದಿನಾಲ್ಕು ತಿಂಗಳ ಹುಡುಗಿ ಕಟ್ಟೆಯ ಮೇಲೆ ಅಜ್ಜಿಯ ಪಕ್ಕದಲ್ಲಿ ಕೂತು ಶೇಂಗಾ ಸಿಪ್ಪೆಯಲ್ಲಿ ಕೈಯಾಡಿಸುತ್ತಿದ್ದಳು. ಸಂಜೆ ಐದೂವರೆಗೆ ಬೆಕ್ಕಿನ ಹಿಂದೆ ಹೊರಳಿದವಳು ಬಲಗಡೆಗೆ ವಾಲಿ ಕೆಳಗೆ ಬಿದ್ದಳು. ತಕ್ಷಣ ಜೋರಾಗಿ ಅತ್ತಳು. ತಾಯಿ ಓಡಿಬಂದು ಎದೆಗೊತ್ತಿಕೊಂಡು ಹಾಲು ಕುಡಿಸಿದಳು. ಆರು ಗಂಟೆಗೆ ಒಂದು ಸಲ ಹಾಲು ಕಕ್ಕಿದಳು. ಹಣೆ ನೋಡಿದರು, ಸ್ವಲ್ಪ ತರಚಿದ್ದು ಬಿಟ್ಟರೆ ಏನೂ ಇಲ್ಲ. ಏಳೂವರೆಗೆ ತಾಟು-ಚಮಚ ಬಡಿಯುತ್ತ ಆಡಿದಳು. ಎಲ್ಲರೂ ನಿಟ್ಟುಸಿರು ಬಿಟ್ಟರು.

ಈ ನಿಟ್ಟುಸಿರಿಗೆ ಅರ್ಧ ಕಾರಣವಿದೆ, ಇನ್ನರ್ಧಕ್ಕೆ ಇಲ್ಲ. ಅದು ಯಾಕೆಂದು ತಿಳಿಯಲು ತಲೆಬುರುಡೆಯನ್ನು ಸ್ವಲ್ಪ ನೋಡಬೇಕು.

ಹಣೆಯ ಮೂಳೆ ದಪ್ಪ. ಅದರ ಮೇಲಿನ ಚರ್ಮದಲ್ಲಿ ರಕ್ತನಾಳಗಳು ಒತ್ತೊತ್ತಾಗಿವೆ. ಮಗು ಹಣೆ ಬಡಿದುಕೊಂಡಾಗ ಈ ಸಣ್ಣ ನಾಳಗಳು ಒಡೆದು ಚರ್ಮದಡಿ ರಕ್ತ ನಿಲ್ಲುತ್ತದೆ. ಅದಕ್ಕೆ ಹರಡಿಕೊಳ್ಳಲು ಜಾಗ ಕಡಿಮೆ. ಆದ್ದರಿಂದ ಐದು-ಹತ್ತು ನಿಮಿಷದಲ್ಲಿ ಮೊಟ್ಟೆಯಂತೆ ಉಬ್ಬುತ್ತದೆ, ಮುಟ್ಟಿದರೆ ಗಟ್ಟಿ. ನೋಡಲು ಭಯಂಕರವಾಗಿದ್ದರೂ ರಕ್ತ ಬಂದದ್ದು ಮೂಳೆಯ ಹೊರಗಿನಿಂದ, ಒಳಗಿನಿಂದಲ್ಲ. ಎರಡನೆಯ, ಮೂರನೆಯ ದಿನ ಈ ರಕ್ತ ಕೆಳಗಿಳಿದು ಕಣ್ಣಿನ ರೆಪ್ಪೆಯ ಸುತ್ತ ಕಪ್ಪಾಗುತ್ತದೆ. ಆಗ ಮತ್ತೊಮ್ಮೆ ಓಡಿಬರುವವರಿದ್ದಾರೆ. ಮಗು ಮಾಮೂಲಿನಂತೆ ಆಡಿಕೊಂಡಿದ್ದರೆ, ಹಣೆಯ ಬುಗುಟು ಇಳಿಯುತ್ತ ರೆಪ್ಪೆ ಕಪ್ಪಾದರೆ, ಅದು ನೀರು ತಗ್ಗಿಗೆ ಹರಿದಂತೆ ಅಷ್ಟೇ. ಹಣೆಯಲ್ಲಿ ಬುಗುಟೇ ಇಲ್ಲದೆ ಎರಡೂ ಕಣ್ಣುಗಳ ಸುತ್ತ ಕಪ್ಪು ಕಟ್ಟಿದರೆ ಅದು ಬುರುಡೆಯ ತಳ ಬಿರುಕು ಬಿಟ್ಟಿರುವುದರ ಗುರುತಾಗಿರಬಹುದು. ಎರಡನ್ನೂ ಒಂದೇ ಎಂದುಕೊಳ್ಳಬಾರದು.

ತಲೆಯ ಪಕ್ಕದ ಕತೆ ಬೇರೆ. ಕಿವಿಯ ಮೇಲೆ ಮತ್ತು ಅದಕ್ಕಿಂತ ಸ್ವಲ್ಪ ಹಿಂದೆ ಚಿಕ್ಕ ಮಗುವಿನ ಮೂಳೆ ಬಹಳ ತೆಳು. ಅದರ ಒಳಮೈಗೆ ಒತ್ತಿಕೊಂಡೇ ಒಂದು ರಕ್ತನಾಳ ಹಾದುಹೋಗುತ್ತದೆ. ಮೂಳೆ ಬಿರುಕು ಬಿಟ್ಟರೆ ಎರಡು ಕಡೆ ರಕ್ತ ಸೋರಬಹುದು. ಬಿರುಕಿನಿಂದ ಹೊರಗೆ ಸೋರಿದ್ದು ಚರ್ಮದಡಿ ನಿಲ್ಲುತ್ತದೆ. ಒಳಗೆ ಸೋರಿದ್ದು ಮೂಳೆ ಮತ್ತು ಮಿದುಳಿನ ಹೊದಿಕೆಯ ನಡುವೆ ನಿಲ್ಲುತ್ತದೆ. ಒಳಗಿನದು ನಮಗೆ ಕಾಣುವುದಿಲ್ಲ. ಹೊರಗಿನದು ಮಾತ್ರ ಕೈಗೆ ಸಿಗುತ್ತದೆ, ಅದೇ ನಮಗೆ ಸಿಗುವ ಸುಳಿವು.

ಈ ಊತ ಹಣೆಯ ಬುಗುಟಿನಂತೆ ಗಟ್ಟಿಯಾಗಿರುವುದಿಲ್ಲ. ಒದ್ದೆ ಹತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಒತ್ತಿದಂತೆ, ಅತಿಯಾಗಿ ಹಣ್ಣಾದ ಟೊಮೆಟೊ ಮುಟ್ಟಿದಂತೆ ಮೆತ್ತಗಿರುತ್ತದೆ. ಅಂಚು ಎಲ್ಲಿ ಮುಗಿಯಿತೆಂದು ಬೆರಳಿಗೆ ಗೊತ್ತಾಗುವುದಿಲ್ಲ. ಕೂದಲಿನ ಕೆಳಗಿರುವುದರಿಂದ ಕಣ್ಣಿಗೂ ಬೀಳುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಇದು ನಿಧಾನವಾಗಿ ಬರುತ್ತದೆ. ಬಿದ್ದ ಅರ್ಧ ಗಂಟೆಯಲ್ಲಿ ಸಪಾಟಾಗಿದ್ದ ಜಾಗ ಆರು ಗಂಟೆಯ ನಂತರ ಉಬ್ಬಿರಬಹುದು, ಕೆಲವೊಮ್ಮೆ ಮರುದಿನ ಬೆಳಿಗ್ಗೆ ತಲೆ ಬಾಚುವಾಗ ಸಿಗುತ್ತದೆ. ಒಮ್ಮೆ ಮುಟ್ಟಿ ನೋಡಿ ಏನೂ ಇಲ್ಲವೆಂದು ಬಿಟ್ಟರೆ ಸಾಲದೆನ್ನುವುದು ಇದಕ್ಕೇ.

ಮುಟ್ಟುವುದಕ್ಕೂ ಒಂದು ಕ್ರಮವಿದೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎರಡೂ ಕೈಗಳ ಬೆರಳುಗಳನ್ನು ಚಪ್ಪಟೆಯಾಗಿಟ್ಟು, ಎಣ್ಣೆ ಹಚ್ಚುವಷ್ಟೇ ಹಗುರಾಗಿ ಎಡ ಬಲ ಎರಡನ್ನೂ ಒಟ್ಟಿಗೆ ಸವರಬೇಕು. ಎರಡು ಬದಿಗಳನ್ನು ಹೋಲಿಸಿದಾಗಲೇ ವ್ಯತ್ಯಾಸ ಗೊತ್ತಾಗುವುದು. ಹೆಬ್ಬೆರಳಿನಿಂದ ಒತ್ತಬಾರದು. ನಮ್ಮ ಕಡೆ ಬುಗುಟನ್ನು ಅಂಗೈಯಿಂದ ತಿಕ್ಕಿ "ಕೂಡಿಸುವ" ರೂಢಿಯಿದೆ, ನಾಣ್ಯವಿಟ್ಟು ಒತ್ತುವವರೂ ಇದ್ದಾರೆ. ಹಣೆಯ ಮೇಲೆ ತಿಕ್ಕಿದರೆ ಊತ ಇನ್ನಷ್ಟು ಹರಡುತ್ತದೆ, ಮಗು ನೋವಿನಿಂದ ಅಳುತ್ತದೆ. ಪಕ್ಕದಲ್ಲಿ ತಿಕ್ಕಿದರೆ ಬಿರುಕು ಬಿಟ್ಟ ಮೂಳೆಯ ಮೇಲೆ ಒತ್ತಿದಂತೆ. ಅರಿಶಿನ ಹಚ್ಚಿದರೆ ನಾನು ಬೈಯುವುದಿಲ್ಲ, ಆದರೆ ಚರ್ಮದ ಬಣ್ಣ ಬದಲಾಗಿದೆಯೇ ಎಂದು ನೋಡುವುದು ನನಗೆ ಕಷ್ಟವಾಗುತ್ತದೆ. ತಣ್ಣೀರಿನ ಬಟ್ಟೆಯನ್ನೋ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನೋ ಹತ್ತು ನಿಮಿಷ ಹಗುರಾಗಿ ಇಟ್ಟರೆ ಸಾಕು.

ಹಾಗಾದರೆ ಬಿದ್ದ ಪ್ರತಿ ಮಗುವಿಗೂ ಸ್ಕ್ಯಾನ್ ಮಾಡಿಸಿಬಿಟ್ಟರೆ ಆಗದೇ ಎನ್ನುವುದು ನ್ಯಾಯವಾದ ಪ್ರಶ್ನೆ. ಅಮೆರಿಕದ ಇಪ್ಪತ್ತೈದು ತುರ್ತು ಚಿಕಿತ್ಸಾ ವಿಭಾಗಗಳು ಇದಕ್ಕೆ ಉತ್ತರ ಹುಡುಕಲು ತಲೆಗೆ ಪೆಟ್ಟು ಬಿದ್ದ 42 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿದವು. 2009ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಚಿಕಿತ್ಸೆ ಬೇಕಾಗುವಷ್ಟು ಗಂಭೀರವಾದ ಮಿದುಳಿನ ಪೆಟ್ಟು ಇದ್ದದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ ಮಕ್ಕಳಲ್ಲಿ. ಶಸ್ತ್ರಚಿಕಿತ್ಸೆ ಬೇಕಾದದ್ದು ಸಾವಿರಕ್ಕೆ ಒಂದೆರಡು ಮಕ್ಕಳಿಗೆ. ಉಳಿದವರನ್ನು ಮೊದಲೇ ಬೇರ್ಪಡಿಸುವುದು ಹೇಗೆಂಬುದೇ ಆ ಅಧ್ಯಯನದ ಕೆಲಸವಾಗಿತ್ತು. ಇಂದು ನಾವು ಬಳಸುವ ಪ್ರಶ್ನೆಗಳು ಬಹುಪಾಲು ಅಲ್ಲಿಂದ ಬಂದವು.

ಎರಡು ವರ್ಷದೊಳಗಿನ ಮಗುವಾದರೆ ಆರು ಸಂಗತಿ ನೋಡುತ್ತೇವೆ. ಮಗುವಿನ ಎಚ್ಚರ ಸರಿಯಾಗಿದೆಯೇ, ಮೂಳೆ ಒಡೆದದ್ದು ಕೈಗೆ ಸಿಗುತ್ತದೆಯೇ ಎಂಬುವು ಮೊದಲ ಎರಡು. ಇವುಗಳಲ್ಲಿ ಒಂದಾದರೂ ಕೆಟ್ಟಿದ್ದರೆ ಗಂಭೀರ ಪೆಟ್ಟಿನ ಸಾಧ್ಯತೆ ನೂರಕ್ಕೆ ನಾಲ್ಕರಷ್ಟು. ಚರ್ಚೆ ಬೇಡ, ಸ್ಕ್ಯಾನ್ ಮಾಡುತ್ತೇವೆ. ಉಳಿದ ನಾಲ್ಕು: ಹಣೆ ಬಿಟ್ಟು ತಲೆಯ ಬೇರೆಲ್ಲಿಯಾದರೂ ಊತ, ಐದು ಸೆಕೆಂಡಿಗಿಂತ ಹೆಚ್ಚು ಪ್ರಜ್ಞೆ ತಪ್ಪಿದ್ದು, ಮೂರು ಅಡಿಗಿಂತ ಎತ್ತರದಿಂದ ಬಿದ್ದದ್ದು, ಮಗು ಮಾಮೂಲಿನಂತಿಲ್ಲ ಎಂದು ತಂದೆತಾಯಿಗೆ ಅನ್ನಿಸುವುದು. ಇವುಗಳಲ್ಲಿ ಯಾವುದಾದರೂ ಇದ್ದರೆ ಸಾಧ್ಯತೆ ಸಾವಿರಕ್ಕೆ ಒಂಬತ್ತರಷ್ಟು. ಆರರಲ್ಲಿ ಒಂದೂ ಇಲ್ಲದಿದ್ದರೆ ಹತ್ತು ಸಾವಿರಕ್ಕೆ ಎರಡಕ್ಕಿಂತ ಕಡಿಮೆ. ಅಂಥ ಮಗುವಿಗೆ ಸ್ಕ್ಯಾನ್ ಮಾಡಿಸಿದರೆ ಲಾಭವಿಲ್ಲ, ಕಿರಣ ಮಾತ್ರ ತಗಲುತ್ತದೆ.

ತಲೆಯ ಸಿಟಿ ಸ್ಕ್ಯಾನ್ ಒಂದು ಸಲ ಮಾಡಿದರೆ ಮಗುವಿಗೆ ತಗಲುವ ವಿಕಿರಣ, ಮಣ್ಣು-ಆಕಾಶದಿಂದ ಸುಮಾರು ಒಂದು ವರ್ಷದೊಳಗೆ ನಮಗೆಲ್ಲ ಹೇಗೂ ತಗಲುವಷ್ಟು. ಮುಂದೆಂದೋ ಅದರಿಂದ ಕ್ಯಾನ್ಸರ್ ಬರುವ ಸಾಧ್ಯತೆಯನ್ನು ಸಾವಿರದಿಂದ ಹಲವು ಸಾವಿರ ಸ್ಕ್ಯಾನಿಗೆ ಒಂದೆಂದು ಲೆಕ್ಕ ಹಾಕುತ್ತಾರೆ. ಬೇಕಾದಾಗ ಹೆದರಿ ಬಿಡುವಷ್ಟು ದೊಡ್ಡದಲ್ಲ, ಬೇಡವಾದಾಗ ಮಾಡಿಸುವಷ್ಟು ಸಣ್ಣದೂ ಅಲ್ಲ. "ಎಕ್ಸ್-ರೇ ಆದರೂ ತೆಗೆಯಿರಿ" ಎಂದು ಕೇಳುವವರಿದ್ದಾರೆ. ಎಕ್ಸ್-ರೇಯಲ್ಲಿ ಮೂಳೆ ಕಾಣುತ್ತದೆ, ಮಿದುಳು ಕಾಣುವುದಿಲ್ಲ, ರಕ್ತವೂ ಕಾಣುವುದಿಲ್ಲ. ಅದು ಸರಿಯಾಗಿ ಬಂತೆಂದು ಮನೆಗೆ ಹೋಗಿ ಮಲಗುವುದು ನಮಗೆ ನಾವೇ ಮೋಸ ಮಾಡಿಕೊಂಡಂತೆ. ಎಂಆರ್‌ಐ ಚೆನ್ನಾಗಿ ತೋರಿಸುತ್ತದೆ, ಆದರೆ ಹೊತ್ತು ಹಿಡಿಯುತ್ತದೆ, ಅಷ್ಟು ಹೊತ್ತು ಅಲ್ಲಾಡದಿರಲು ಕೂಸಿಗೆ ಸಾಮಾನ್ಯವಾಗಿ ಮಂಪರಿನ ಔಷಧ ಕೊಡಬೇಕಾಗುತ್ತದೆ. ತುರ್ತಿಗೆ ಒದಗುವುದು ಸಿಟಿಯೇ.

ಈಗ ನಮ್ಮ ಹುಡುಗಿಯ ಬಳಿಗೆ ಬರೋಣ. ಸಂಜೆ ಐದೂವರೆಗೇ ಆರರಲ್ಲಿ ಒಂದು ಸಂಗತಿ ಇತ್ತು. ಕಟ್ಟೆ ಮೂರೂವರೆ ಅಡಿ, ಕೆಳಗೆ ಕಲ್ಲು. ಅಷ್ಟರಿಂದಲೇ ಸ್ಕ್ಯಾನ್ ಬೇಕೆಂದಲ್ಲ. ಇಂಥ ಒಂದೇ ಸಂಗತಿ ಇದ್ದು ಮಗು ಚುರುಕಾಗಿದ್ದರೆ, ಆಸ್ಪತ್ರೆಯಲ್ಲಿ ಕೂರಿಸಿಕೊಂಡು ಪೆಟ್ಟು ಬಿದ್ದಾಗಿನಿಂದ ನಾಲ್ಕಾರು ಗಂಟೆ ನೋಡುವುದು ಸಾಮಾನ್ಯ ಕ್ರಮ. ಒಂದರ ಜೊತೆ ಇನ್ನೊಂದು ಸೇರಿದರೆ, ನೋಡನೋಡುತ್ತ ಮಗು ಮಂಕಾದರೆ, ಅಥವಾ ಕೂಸು ಮೂರು ತಿಂಗಳಿಗಿಂತ ಚಿಕ್ಕದಾದರೆ, ಕಾಯದೆ ಸ್ಕ್ಯಾನ್ ಮಾಡುತ್ತೇವೆ. ಅಂದರೆ ಆ ಹುಡುಗಿಯನ್ನು ಸಂಜೆಯೇ ಗದಗಕ್ಕೆ ಕರೆತಂದು ವೈದ್ಯರ ಕಣ್ಣ ಮುಂದೆ ಇಟ್ಟುಕೊಳ್ಳಬೇಕಿತ್ತು. ಪೇಟೆಯವರಿಗೆ ಇದು ಅಷ್ಟು ತಟ್ಟುವುದಿಲ್ಲ. ಹುಬ್ಬಳ್ಳಿಯ ವಿದ್ಯಾನಗರದ ಮನೆಯಿಂದ ಕಿಮ್ಸ್ ಆಸ್ಪತ್ರೆಗೆ ಹತ್ತು ನಿಮಿಷ. ರೋಣ, ಮುಂಡರಗಿ, ಹಾನಗಲ್ ಕಡೆಯ ಹಳ್ಳಿಗಳಲ್ಲಿ "ಕಾದು ನೋಡೋಣ" ಎನ್ನುವಾಗ ರಾತ್ರಿ ಗಾಡಿ ಸಿಗುವ ಹೊತ್ತು, ದಾರಿಯ ಹೊತ್ತು ಎರಡನ್ನೂ ಕೂಡಿಸಿಕೊಂಡು ಕಾಯಬೇಕು. ದೂರದ ಊರಿನವರಿಗೆ ನಾನು ಹೇಳುವುದಿಷ್ಟು: ಕಾಯುವುದಾದರೆ ಪೇಟೆಯಲ್ಲಿ ನೆಂಟರ ಮನೆಯಲ್ಲಿ ಕಾಯಿರಿ.

ಒಂಬತ್ತು ಗಂಟೆಗೆ ಹುಡುಗಿ ಮಲಗಿದಳು. ಪೆಟ್ಟು ಬಿದ್ದ ಮಗು ಮಲಗಬಾರದೆಂಬ ಮಾತು ಎಲ್ಲ ಮನೆಗಳಲ್ಲೂ ಇದೆ. ಅತ್ತು ಸುಸ್ತಾದ ಕೂಸನ್ನು ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿ ಕೂರಿಸುವುದನ್ನು ನೋಡಿದ್ದೇನೆ. ನಿದ್ದೆಯಿಂದ ಮಿದುಳಿನಲ್ಲಿ ರಕ್ತ ಸೋರುವುದಿಲ್ಲ. ನಿದ್ದೆಯ ತೊಂದರೆಯೆಂದರೆ ಅದು ಲಕ್ಷಣಗಳನ್ನು ಮುಚ್ಚಿಡುತ್ತದೆ, ಅಷ್ಟೇ. ಮಲಗುವ ಹೊತ್ತಿಗೆ ಮಲಗಲಿ. ಮೊದಲ ರಾತ್ರಿ ಎರಡು-ಮೂರು ಗಂಟೆಗೊಮ್ಮೆ ದೀಪ ಹಾಕಿ ನೋಡಬೇಕು. ಉಸಿರು ಸಮನಾಗಿದೆಯೇ, ಮೈಬಣ್ಣ ಬಿಳಿಚಿಲ್ಲವೇ, ಮಾಮೂಲಿನ ಭಂಗಿಯಲ್ಲಿ ಮಲಗಿದೆಯೇ ನೋಡಿ, ಕೆನ್ನೆ ಸವರಬೇಕು, ಅಂಗಾಲು ಕೆಣಕಬೇಕು. ಸರಿಯಾಗಿರುವ ಮಗು ಮುಖ ಸಿಂಡರಿಸುತ್ತದೆ, ಕೈ ತಳ್ಳುತ್ತದೆ, ಮಗ್ಗುಲು ಬದಲಿಸುತ್ತದೆ, ತಾಯಿಯ ಎದೆ ಹುಡುಕುತ್ತದೆ. ಪೂರ್ತಿ ಎಬ್ಬಿಸಿ ಆಡಿಸಬೇಕಿಲ್ಲ. ಈ ಸಣ್ಣ ಸಿಟ್ಟು ಕಂಡರೆ ಸಾಕು.

ಹನ್ನೊಂದೂವರೆಗೆ ಅಪ್ಪ ಕೆಣಕಿದಾಗ ಹುಡುಗಿ ಸರಿಯಾಗಿಯೇ ಸಿಡುಕಿದಳು, ಆ ಕಡೆ ಹೊರಳಿದಳು. ಎರಡು ಗಂಟೆಗೆ ಹಾಲು ಕೊಡಲು ಎತ್ತಿಕೊಂಡ ತಾಯಿಯ ಅಂಗೈಗೆ ಬಲಗಿವಿಯ ಮೇಲೆ ಏನೋ ಮೆತ್ತಗೆ ತಗುಲಿತು. ಎಡಗಡೆ ಮುಟ್ಟಿ ನೋಡಿದಳು, ಹಾಗಿರಲಿಲ್ಲ. ಕೂಸು ಎದೆ ಬಾಯಲ್ಲಿಟ್ಟುಕೊಂಡರೂ ಚೀಪದೆ ಜೋತುಬಿತ್ತು. ಆಮೇಲೆ ವಾಂತಿ. ಅರ್ಧ ಗಂಟೆಯಲ್ಲಿ ಇನ್ನೊಂದು. ಅಳುವೂ ಬೇರೆಯಾಗಿತ್ತು, ಸಣ್ಣ ದನಿಯ ಕೀರಲು. ಎತ್ತಿಕೊಂಡರೆ ನಿಲ್ಲುತ್ತಿರಲಿಲ್ಲ, ಬಿಟ್ಟರೆ ಮಂಪರಿಗೆ ಜಾರುತ್ತಿತ್ತು.

ಸಂಜೆಯ ವಾಂತಿಗೂ ರಾತ್ರಿಯ ವಾಂತಿಗೂ ಏನು ವ್ಯತ್ಯಾಸ? ಬಿದ್ದು ಅತ್ತು, ಗಾಳಿ ನುಂಗಿ, ಹಾಲು ಕುಡಿದ ಮಗು ಒಮ್ಮೆ ಕಕ್ಕುವುದು ಸಾಮಾನ್ಯ. ಅದೊಂದರಿಂದಲೇ ಹೆದರಬೇಕಿಲ್ಲ. ಆದರೆ ನಡುವೆ ಹೊತ್ತು ಬಿಟ್ಟು ಮೂರು ಸಲ ಆದರೆ, ಅಥವಾ ಮೊದಲಿಲ್ಲದ್ದು ಹಲವು ಗಂಟೆಯ ನಂತರ ಶುರುವಾದರೆ, ಅಥವಾ ವಾಂತಿಯ ಜೊತೆ ಮಂಕು ಸೇರಿದರೆ ಅದು ಹೊಟ್ಟೆಯ ಮಾತಲ್ಲ. ಇಲ್ಲೊಂದು ಎಚ್ಚರಿಕೆ. ಔಷಧದಂಗಡಿಯಿಂದ ವಾಂತಿ ನಿಲ್ಲಿಸುವ ಹನಿಗಳನ್ನು ತಂದು ಕೊಟ್ಟರೆ ನಾವು ಎಣಿಸಬೇಕಾದ ಲಕ್ಷಣವೇ ಅಳಿಸಿಹೋಗುತ್ತದೆ. ನೆಗಡಿ-ಕೆಮ್ಮಿನ ಸಿರಪ್‌ಗಳಲ್ಲಿ ಹಲವು ನಿದ್ದೆ ತರುತ್ತವೆ. ಆ ರಾತ್ರಿ ಅವೂ ಬೇಡ. ನೋವಿಗೆ ಪ್ಯಾರಾಸಿಟಮಾಲ್ ಕೊಡಬಹುದು. ಮಗುವಿನ ತೂಕದ ಪ್ರತಿ ಕಿಲೋಗೆ ಹತ್ತರಿಂದ ಹದಿನೈದು ಮಿಲಿಗ್ರಾಂ, ಎರಡು ಸಲದ ನಡುವೆ ಆರು ಗಂಟೆ ಬಿಟ್ಟು. ಸಿರಪ್‌ಗಳು ಬೇರೆ ಬೇರೆ ಗಾಢತೆಯಲ್ಲಿ ಬರುತ್ತವೆ, ಬಾಟಲಿಯ ಮೇಲಿನದನ್ನು ಓದಿಯೇ ಅಳೆಯಬೇಕು. ಐಬುಪ್ರೊಫೇನ್, ಆಸ್ಪಿರಿನ್ ರಕ್ತಸ್ರಾವವನ್ನು ಹೆಚ್ಚಿಸಬಲ್ಲವು, ಆದ್ದರಿಂದ ಮೊದಲ ದಿನ ಅವುಗಳನ್ನು ದೂರವಿಡುತ್ತೇವೆ.

ಸಂಜೆ ಏಳೂವರೆಗೆ ತಾಟು ಬಡಿದ ಕೂಸು ರಾತ್ರಿ ಎರಡಕ್ಕೆ ಹೀಗೇಕಾಯಿತು? ಬುರುಡೆ ಮುಚ್ಚಿದ ಡಬ್ಬಿ. ಒಳಗೆ ಮಿದುಳು, ಅದರ ಸುತ್ತ ನೀರಿನಂಥ ದ್ರವ, ನಾಳಗಳಲ್ಲಿ ರಕ್ತ. ಮೂಳೆಯಡಿ ರಕ್ತ ಹನಿಹನಿಯಾಗಿ ಸೇರತೊಡಗಿದರೆ ಮೊದಮೊದಲು ದ್ರವ ಅತ್ತಿತ್ತ ಸರಿದು ಜಾಗ ಕೊಡುತ್ತದೆ. ಅಷ್ಟು ಹೊತ್ತು ಹೊರಗೆ ಏನೂ ಗೊತ್ತಾಗುವುದಿಲ್ಲ, ಮಗು ಆಡುತ್ತದೆ. ಸರಿಯಲು ಇನ್ನು ಜಾಗವಿಲ್ಲ ಎಂಬ ಘಟ್ಟ ಬಂದಾಗ ಮಿದುಳಿನ ಮೇಲೆ ಒತ್ತಡ ಒಮ್ಮೆಲೇ ಏರುತ್ತದೆ. ಕೂಸಿನಲ್ಲಿ ಬುರುಡೆಯ ಹೊಲಿಗೆಗಳು ಇನ್ನೂ ಬಿಗಿದಿರುವುದಿಲ್ಲ, ನೆತ್ತಿ ಪೂರ್ತಿ ಮುಚ್ಚಿರುವುದಿಲ್ಲ. ಡಬ್ಬಿ ಸ್ವಲ್ಪ ಹಿಗ್ಗುತ್ತದೆ, ಆದ್ದರಿಂದ ಮೌನದ ಅವಧಿ ಇನ್ನೂ ಉದ್ದವಾಗಬಹುದು. ನೆತ್ತಿ ಇನ್ನೂ ಮೆತ್ತಗಿರುವ ಕೂಸಾದರೆ ಅದನ್ನು ನೆಟ್ಟಗೆ ಕೂರಿಸಿಕೊಂಡು, ಅಳದಿರುವಾಗ, ನೆತ್ತಿಯ ಮೇಲೆ ಬೆರಳಿಟ್ಟು ನೋಡಿ. ಅಳುವಾಗ ಎಲ್ಲ ಕೂಸುಗಳ ನೆತ್ತಿಯೂ ಉಬ್ಬುತ್ತದೆ. ಸುಮ್ಮನಿದ್ದಾಗಲೂ ಬಿಗಿಯಾಗಿ ಉಬ್ಬಿದ್ದರೆ ಒಳಗೆ ಒತ್ತಡವಿದೆ. ಇನ್ನೊಂದು ಸಂಗತಿ ಕೂಸುಗಳಿಗೇ ವಿಶೇಷ. ಅವುಗಳ ಮೈಯಲ್ಲಿ ರಕ್ತವೇ ಕಡಿಮೆ, ಕಿಲೋಗೆ ಸುಮಾರು ಎಂಬತ್ತು ಮಿಲಿಲೀಟರ್. ಚಿಕ್ಕ ಕೂಸಿನ ಚರ್ಮದಡಿಯೂ ಮೂಳೆಯಡಿಯೂ ಸೇರಿ ಒಂದು ಚಹಾ ಲೋಟದಷ್ಟು ರಕ್ತ ನಿಂತರೆ ಮಗು ಬಿಳಿಚಿಕೊಳ್ಳುತ್ತದೆ. ಊತದ ಜೊತೆ ತುಟಿ, ಅಂಗೈ ಬಿಳಿಚಿದ್ದರೆ ಕಾಯಬಾರದು.

ತಾಯಿಯ ಅಂಗೈಗೆ ಸಿಕ್ಕ ಆ ಮೆತ್ತನೆಯ ಊತ, ವಾಂತಿ, ಮಂಪರು ಸೇರಿದ ಮೇಲೆ ಬೆಳಗಾಗಲಿ ಎನ್ನುವಂತಿಲ್ಲ. ಹೀಗೇ ತಡಮಾಡದೆ ಹೊರಡಬೇಕಾದ ಇನ್ನೂ ಕೆಲವು ಸಂದರ್ಭಗಳಿವೆ. ಫಿಟ್ಸ್ ಬಂದರೆ, ಅದು ಒಂದೇ ಸಲವಾದರೂ. ಒಂದು ಕೈ ಅಥವಾ ಒಂದು ಕಾಲನ್ನು ಕಡಿಮೆ ಆಡಿಸುತ್ತಿದ್ದರೆ. ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿದ್ದರೆ. ಕಿವಿ ಅಥವಾ ಮೂಗಿನಿಂದ ರಕ್ತವೋ ತಿಳಿನೀರೋ ಸೋರುತ್ತಿದ್ದರೆ. ನೆಗಡಿಯಿಲ್ಲದ ಮಗುವಿನ ಮೂಗಿನಿಂದ ಹನಿಹನಿಯಾಗಿ ನೀರು ಇಳಿಯುವುದು ನೆಗಡಿಯಲ್ಲ. ಕಿವಿಯ ಹಿಂದಿನ ಎಲುಬಿನ ಮೇಲೆ ನೀಲಿ ಕಟ್ಟಿದರೆ. ಇದು ಸಾಮಾನ್ಯವಾಗಿ ಮರುದಿನ ಕಾಣಿಸಿಕೊಳ್ಳುತ್ತದೆ. ಮಾತಾಡುವ ಮಗುವಾದರೆ ತಲೆನೋವು ಏರುತ್ತ ಹೋಗುವುದು, ನಡೆಯುವಾಗ ತೂರಾಡುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು. ಇವು ಯಾವುವೂ ಇಲ್ಲದೆ, "ಯಾಕೋ ನಮ್ಮ ಕೂಸು ನಮ್ಮ ಕೂಸಿನಂತಿಲ್ಲ" ಎಂದು ತಾಯಿಗೆ ಅನ್ನಿಸಿದರೆ ಅದೂ ಲಕ್ಷಣವೇ. ಮೇಲೆ ಹೇಳಿದ ಆರು ಸಂಗತಿಗಳಲ್ಲಿ ಅದೂ ಒಂದೆಂಬುದನ್ನು ಗಮನಿಸಿ. ಅದನ್ನು ಬಾಯಿಬಿಟ್ಟು ಹೇಳಲು ಸಂಕೋಚಪಡುವ ತಾಯಂದಿರು ಬಹಳ.

ಮೂರು ಗಂಟೆಗೆ ಅಪ್ಪ ಬೈಕ್ ತೆಗೆಯಲು ಹೋದ. ಅಜ್ಜಿ ತಡೆದಳು, ಸರಿಯಾಗಿಯೇ ತಡೆದಳು. ಮಂಪರಿನಲ್ಲಿರುವ ಕೂಸನ್ನು ಇಬ್ಬರ ನಡುವೆ ಸಿಕ್ಕಿಸಿಕೊಂಡು ಹಳ್ಳದ ದಾರಿಯಲ್ಲಿ ಒಯ್ದರೆ ಕುತ್ತಿಗೆ ಜೋಲಾಡುತ್ತದೆ, ವಾಂತಿಯಾದರೆ ಉಸಿರಿಗೆ ಸಿಕ್ಕುತ್ತದೆ, ಉಸಿರು ನಿಂತರೂ ಗೊತ್ತಾಗುವುದಿಲ್ಲ. 108ಕ್ಕೆ ಕರೆ ಮಾಡಬೇಕು. ಅದು ಬರುವುದು ತಡವಾಗುತ್ತದೆ ಎಂದಾದರೆ ಊರಿನ ಯಾರದಾದರೂ ಕಾರು. ಮಗುವನ್ನು ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಹಿಡಿದು ಒಂದು ಮಗ್ಗುಲಿಗೆ ಮಲಗಿಸಿಕೊಳ್ಳಬೇಕು. ಎಚ್ಚರ ಮಾಡಲೆಂದು ಕುಲುಕಬಾರದು. ಮಂಪರಿನಲ್ಲಿರುವಾಗ ಬಾಯಿಗೆ ನೀರು, ಹಾಲು ಏನೂ ಹಾಕಬಾರದು. ಹಾದಿಯಲ್ಲೇ ಮಗುವಿನ ಉಸಿರು ಕೆಟ್ಟರೆ, ಫಿಟ್ಸ್ ನಿಲ್ಲದಿದ್ದರೆ, ದೊಡ್ಡ ಆಸ್ಪತ್ರೆಯನ್ನೇ ಮುಟ್ಟಬೇಕೆಂದು ಹಟ ಹಿಡಿಯದೆ ಹತ್ತಿರದ ತಾಲೂಕು ಆಸ್ಪತ್ರೆಗೆ ಮೊದಲು ನುಗ್ಗಬೇಕು. ಸ್ಕ್ಯಾನಿಗಿಂತ ಮೊದಲು ಉಸಿರು. ಅಂಥ ಸ್ಥಿತಿ ಇಲ್ಲದಿದ್ದರೆ ಸಿಟಿ ಸ್ಕ್ಯಾನ್ ಇರುವ ಕಡೆಗೆ ನೇರವಾಗಿ ಹೋಗುವುದು ಒಳ್ಳೆಯದು. ಹೊರಡುವಾಗಲೇ ಒಬ್ಬರು ಫೋನ್ ಮಾಡಿ ಈ ಹೊತ್ತಿನಲ್ಲಿ ಸ್ಕ್ಯಾನ್ ನಡೆಯುತ್ತದೆಯೇ, ಮಿದುಳಿನ ಶಸ್ತ್ರಚಿಕಿತ್ಸಕರು ಸಿಗುತ್ತಾರೆಯೇ ಎಂದು ಕೇಳಿಕೊಂಡರೆ ಒಂದು ತಾಸು ಉಳಿಯಬಹುದು.

ಆಸ್ಪತ್ರೆಯಲ್ಲಿ ನಮಗೆ ಬೇಕಾದದ್ದು ಕೆಲವೇ ಉತ್ತರಗಳು. ಎಷ್ಟು ಗಂಟೆಗೆ ಬಿತ್ತು, ಎಷ್ಟು ಎತ್ತರದಿಂದ, ಯಾವುದರ ಮೇಲೆ. ತಕ್ಷಣ ಅತ್ತಿತೇ, ಸ್ವಲ್ಪ ಹೊತ್ತು ಸುಮ್ಮನಾಗಿತ್ತೇ. ವಾಂತಿ ಎಷ್ಟು ಸಲ, ಯಾವಾಗ. ಏನು ಔಷಧ ಕೊಟ್ಟಿರಿ. ಈ ಎತ್ತರದ ವಿಷಯದಲ್ಲಿ ಮನೆಯವರು ಮಗುವಿಗೆ ತಿಳಿಯದೆಯೇ ಅನ್ಯಾಯ ಮಾಡುತ್ತಾರೆ. ಮಾಳಿಗೆಯ ಮೆಟ್ಟಿಲಿನಿಂದ ಬಿದ್ದದ್ದು ನಮ್ಮೆದುರು ಬರುವಷ್ಟರಲ್ಲಿ ಹೊರಸಿನಿಂದ ಬಿದ್ದದ್ದಾಗಿರುತ್ತದೆ. ಆರು ವರ್ಷದ ಅಕ್ಕನ ಬಗಲಿನಿಂದ ಜಾರಿದ್ದು "ತಾನೇ ಬಿತ್ತು" ಎಂದಾಗುತ್ತದೆ. ಸೊಸೆಗೆ ಅತ್ತೆಯ ಅಂಜಿಕೆ, ಅತ್ತೆಗೆ ಮಗನ ಅಂಜಿಕೆ. ಆದರೆ ಒಂದೂವರೆ ಅಡಿಯ ಲೆಕ್ಕ ಬೇರೆ, ಎಂಟು ಅಡಿಯ ಲೆಕ್ಕ ಬೇರೆ. ನಾವು ಒಂದೇ ಪ್ರಶ್ನೆಯನ್ನು ತಿರುಗಿಸಿ ಕೇಳಿದರೆ ಬೇಸರಿಸಬೇಡಿ. ಇನ್ನೂ ಮಗ್ಗುಲಾಗಲೂ ಬರದ ಕೂಸು ತಾನೇ ಹೊರಳಿ ಬಿತ್ತೆಂದರೆ ಇನ್ನಷ್ಟು ಕೇಳಲೇಬೇಕಾಗುತ್ತದೆ.

ಸ್ಕ್ಯಾನ್ ಆದದ್ದು ನಾಲ್ಕೂವರೆಗೆ. ಮಗುವನ್ನು ಚಾದರದಲ್ಲಿ ಕೈ ಸೇರಿಸಿ ಸುತ್ತಿ, ತಲೆಯ ಎರಡೂ ಬದಿಗೆ ಮೆತ್ತೆ ಇಟ್ಟು ಮಲಗಿಸಿದರು. ಯಂತ್ರದ ಓಟ ಕೆಲವೇ ಸೆಕೆಂಡು, ಒಳಗೆ ಹೋಗಿ ಹೊರಗೆ ಬರಲು ಐದು ನಿಮಿಷ. ಬಲಗಡೆ ಕಿವಿಯ ಮೇಲಿನ ಮೂಳೆಯಲ್ಲಿ ಕೂದಲೆಳೆಯ ಬಿರುಕು. ಅದರ ಕೆಳಗೆ ಮಸೂರದ ಆಕಾರದಲ್ಲಿ ಬೆಳ್ಳಗೆ ರಕ್ತ, ಅತಿ ದಪ್ಪವಾದಲ್ಲಿ ಎಂಟು ಮಿಲಿಮೀಟರ್. ಮಿದುಳಿನ ನಡುಗೆರೆ ಸರಿದಿರಲಿಲ್ಲ. ಹುಬ್ಬಳ್ಳಿಗೆ ಕಳಿಸಿದರು, ಬೆಳಕು ಹರಿಯುವಾಗ ನಮ್ಮಲ್ಲಿಗೆ ಬಂದಳು. ಆ ದಪ್ಪ ಹೆಚ್ಚಿದ್ದರೆ, ನಡುಗೆರೆ ಸರಿದಿದ್ದರೆ, ಮಂಪರು ಆಳವಾಗುತ್ತ ಹೋಗಿದ್ದರೆ ಮೂಳೆ ತೆರೆದು ರಕ್ತ ತೆಗೆಯಬೇಕಾಗುತ್ತಿತ್ತು. ಹೊತ್ತಿಗೆ ಸರಿಯಾಗಿ ಮಾಡಿದರೆ ಈ ಶಸ್ತ್ರಚಿಕಿತ್ಸೆಯ ನಂತರ ಹೆಚ್ಚಿನ ಮಕ್ಕಳು ಪೂರ್ತಿ ಚೇತರಿಸಿಕೊಳ್ಳುತ್ತಾರೆ, ಏಕೆಂದರೆ ಪೆಟ್ಟು ಮಿದುಳಿಗಲ್ಲ, ಅದರ ಹೊರಗೆ. ಇವಳಿಗೆ ಅದು ಬೇಕಾಗಲಿಲ್ಲ. ಗಂಟೆಗೊಮ್ಮೆ ಎಚ್ಚರ, ಪಾಪೆ, ನಾಡಿ ನೋಡಿದೆವು. ಮಧ್ಯಾಹ್ನಕ್ಕೆ ನರ್ಸ್ ಅಂಗಾಲು ಕೆಣಕಿದಾಗ ಕಾಲು ಝಾಡಿಸಿ ಒದ್ದಳು, ಸಂಜೆ ಹಾಲು ಚೀಪಿದಳು. ಮರುದಿನದ ಸ್ಕ್ಯಾನಿನಲ್ಲಿ ರಕ್ತ ಹೆಚ್ಚಾಗಿರಲಿಲ್ಲ. ನಾಲ್ಕನೆಯ ದಿನ ಮನೆಗೆ ಹೋದಳು.

ಮನೆಗೆ ಕಳಿಸುವಾಗ ಆರು ವಾರಕ್ಕೆ ಮತ್ತೆ ಬರಲು ಹೇಳಿದೆ. ಮೂಳೆ ಬಿರಿದ ಚಿಕ್ಕ ಮಕ್ಕಳಲ್ಲಿ ಅಪರೂಪಕ್ಕೆ ಬಿರುಕು ಕೂಡುವ ಬದಲು ಅಗಲವಾಗುತ್ತ ಹೋಗುತ್ತದೆ. ಮಿದುಳಿನ ಹೊದಿಕೆಯೂ ಆ ಜಾಗದಲ್ಲಿ ಹರಿದಿದ್ದರೆ, ಬೆಳೆಯುತ್ತಿರುವ ಮಿದುಳಿನ ಮಿಡಿತಕ್ಕೆ ಮೂಳೆಯ ಅಂಚುಗಳು ದೂರ ಸರಿಯುತ್ತವೆ. ಆಗ ವಾರಗಳು ಕಳೆದರೂ ಊತ ಇಳಿಯುವುದಿಲ್ಲ, ಕೆಲವೊಮ್ಮೆ ಬೆರಳಿಗೆ ಮಿಡಿತವೂ ಸಿಗುತ್ತದೆ. ಅದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕು.

ಆರು ವಾರದ ನಂತರ ಅಜ್ಜಿಯೇ ಎತ್ತಿಕೊಂಡು ಬಂದಿದ್ದರು. ನಾನು ಕೈ ಚಾಚುವ ಮೊದಲೇ ಅವರ ಬೆರಳುಗಳು ಮೊಮ್ಮಗಳ ಎರಡೂ ಕಿವಿಗಳ ಮೇಲೆ ಚಪ್ಪಟೆಯಾಗಿ ಕೂತಿದ್ದವು. "ಎರಡೂ ಕಡೆ ಒಂದೇ ಸಮನಿದೆ ಡಾಕ್ಟರೇ, ದಿನಾ ನೋಡುತ್ತೇನೆ" ಎಂದರು. ನಾನೂ ಮುಟ್ಟಿ ನೋಡಿದೆ. ಸಮನಾಗಿಯೇ ಇತ್ತು.